ಗುಟ್ಟು ಬಿಟ್ಟುಕೊಡದೆ ಹಾಕುವ ಸಹಿ

ಒಂದು ಕಾಲೇಜಿನ ಗಣಿತ ಸಂಘದಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅವತ್ತು ಬೋರ್ಡಿನ ಮೇಲೆ ಮಾಡಿದ ಲೆಕ್ಕಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ. ಎಲ್ಲಾ ಚಿಕ್ಕ ಸಂಖ್ಯೆಗಳು, ಕೂಡೋದು, ಗುಣಿಸೋದು, ಭಾಗಿಸಿ ಶೇಷ ತೆಗೆಯೋದು, ಅಷ್ಟೇ. ಪೆನ್ನು, ಹಾಳೆ ಹತ್ತಿರ ಇಟ್ಟುಕೊಂಡು ಓದಿ.

ಚೆಕ್ಕಿನಿಂದ ಶುರು ಮಾಡೋಣ. ಚೆಕ್ಕಿಗೆ ನೀವು ಹಾಕುವ ಸಹಿ ಪ್ರತಿ ಸಲ ಒಂದೇ ಥರ ಇರಬೇಕು. ಸ್ವಲ್ಪ ಬೇರೆಯಾದರೆ ಬ್ಯಾಂಕಿನವರು ಚೆಕ್ ವಾಪಸ್ ಕಳಿಸ್ತಾರೆ. ಒಂದೇ ಥರ ಇರೋದರಿಂದಲೇ ಅದನ್ನು ನೋಡಿ ನಕಲು ಮಾಡಬಹುದು. ಯುಪಿಐ ಪಿನ್ ಬೇರೆ ಥರ. ಅದನ್ನು ಯಾರಿಗೂ ತೋರಿಸಲ್ಲ, ಆದರೆ ಪಿನ್ ಸರಿಯೋ ತಪ್ಪೋ ಅಂತ ಹೇಳಬೇಕಾದರೆ ತಾಳೆ ನೋಡೋಕೆ ಬ್ಯಾಂಕಿನ ಕಡೆಯೂ ಏನಾದರೂ ಇರಲೇಬೇಕು. ಅಂದರೆ ಒಬ್ಬರನ್ನಾದರೂ ನಂಬಬೇಕು.

ಬಿಟ್‌ಕಾಯಿನ್‌ನಲ್ಲಿ ಹಾಗೆ ನಂಬೋಕೆ ಯಾರೂ ಇಲ್ಲ. ಪಾವತಿಯನ್ನು ಪರೀಕ್ಷಿಸುವವರು ಲೋಕದ ನಾನಾ ಕಡೆ ಇರುವ, ಮುಖ ಪರಿಚಯವಿಲ್ಲದ ಜನರ ಕಂಪ್ಯೂಟರ್‌ಗಳು. ಅವರಿಗೆ ಗುಟ್ಟು ಹೇಳುವ ಹಾಗಿಲ್ಲ. ಆದರೂ "ಈ ಹಣ ಕದಲಿಸುವ ಹಕ್ಕು ನನಗಿದೆ" ಅಂತ ಅವರೆಲ್ಲರಿಗೂ ಖಾತ್ರಿಯಾಗಬೇಕು. ಇದು ಹೇಗೆ ಸಾಧ್ಯ ಅನ್ನೋದನ್ನೇ ನಾನು ಹೇಳೋಕೆ ಹೊರಟಿರೋದು. ಜೊತೆಗೆ ಅದು ಎಲ್ಲಿ ಕೈಕೊಡುತ್ತೆ ಅನ್ನೋದನ್ನೂ ಹೇಳಬೇಕು, ಯಾಕಂದರೆ ಕೈಕೊಡುವ ಜಾಗ ನೋಡಿದಾಗಲೇ ಈ ಉಪಾಯ ಪೂರ್ತಿ ಅರ್ಥವಾಗೋದು.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಬಿಟ್‌ಕಾಯಿನ್ ಕಳಿಸೋಕೆ ಬಳಸುವ ಆಪ್ ಅನ್ನು ವಾಲೆಟ್ ಅಂತ ಕರೆದರೂ ಅದರೊಳಗೆ ಹಣ ಇರಲ್ಲ. ಇರೋದು ಗುಟ್ಟಿನ ಸಂಖ್ಯೆಗಳು. ಒಂದು ಗುಟ್ಟಿನ ಸಂಖ್ಯೆ ಅಂದರೆ 256 ಸಲ ನಾಣ್ಯ ಚಿಮ್ಮಿ, ತಲೆ ಬಿದ್ದರೆ 1, ಬಾಲ ಬಿದ್ದರೆ 0 ಅಂತ ಬರೆದುಕೊಂಡರೆ ಸಿಗುವಷ್ಟು ದೊಡ್ಡದು. ನಮ್ಮ ಮಾಮೂಲಿ ಅಂಕಿಯಲ್ಲಿ ಬರೆದರೆ ಹೆಚ್ಚುಕಡಿಮೆ 78 ಅಂಕಿ. ಈ ಸಂಖ್ಯೆಯಿಂದ ಇನ್ನೊಂದನ್ನು ಲೆಕ್ಕ ಹಾಕಿ ಹೊರಗೆ ಕೊಡುತ್ತಾರೆ, ಅದೇ ಪಬ್ಲಿಕ್ ಕೀ. ಗುಟ್ಟಿನಿಂದ ಪಬ್ಲಿಕ್ ಕೀಗೆ ಹೋಗೋದು ಸಲೀಸು, ಅಲ್ಲಿಂದ ವಾಪಸ್ ಬರೋಕೆ ದಾರಿ ಗೊತ್ತಿಲ್ಲ. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ 1976ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಒಮ್ಮುಖ ದಾರಿಯ ಮೇಲೆ ಏನೇನು ಕಟ್ಟಬಹುದು ಅಂತ ತೋರಿಸಿದರು. ಸಹಿಯ ವಿಚಾರವೂ ಅದರಲ್ಲೇ ಇತ್ತು.

ಒಮ್ಮುಖ ಅಂದರೇನು ಅಂತ ಕಣ್ಣಾರೆ ನೋಡೋಣ. 2ನ್ನು ಮತ್ತೆ ಮತ್ತೆ 2ರಿಂದ ಗುಣಿಸುತ್ತಾ ಹೋಗಿ. ಉತ್ತರ 23 ದಾಟಿದರೆ 23ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ.

```
ಘಾತ :  1  2  3   4  5   6   7  8  9  10  11
ಉತ್ತರ:  2  4  8  16  9  18  13  3  6  12   1
```

16 ಆದ ಮೇಲೆ 32 ಬರಬೇಕಿತ್ತು, 23 ಕಳೆದರೆ 9. ಹಾಗೇ ಮುಂದೆ. ಹನ್ನೊಂದನೇ ಸಲಕ್ಕೆ 1 ಬಂತು, ಅಲ್ಲಿಂದ ಮತ್ತೆ ಅದೇ ಸಾಲು ಸುತ್ತು ಹೊಡೆಯುತ್ತೆ. ಹಾಗಾಗಿ ಘಾತಗಳನ್ನು ಕೂಡುವಾಗ 11ರಿಂದ ಭಾಗಿಸಿ ಶೇಷ ಇಟ್ಟುಕೊಂಡರೆ ಸಾಕು. ಇದೊಂದು ನೆನಪಿರಲಿ.

ಉತ್ತರಗಳ ಸಾಲು ನೋಡಿ. ಏರುತ್ತೆ, ಇಳಿಯುತ್ತೆ, ಯಾವ ಶಿಸ್ತೂ ಕಾಣಲ್ಲ. ನನ್ನ ಗುಟ್ಟು 7 ಅಂತಿಟ್ಟುಕೊಳ್ಳಿ. ಪಬ್ಲಿಕ್ ಕೀ 13. ಗುಟ್ಟನ್ನು x, ಪಬ್ಲಿಕ್ ಕೀಯನ್ನು y ಅಂತ ಕರೆಯೋಣ. "13 ಎಷ್ಟನೇ ಘಾತ?" ಅಂತ ಕೇಳಿದರೆ ಪಟ್ಟಿ ಇಲ್ಲದವರು ಒಂದೊಂದಾಗಿ ಹುಡುಕಬೇಕು. ಹನ್ನೊಂದೇ ಇರೋದರಿಂದ ಇಲ್ಲಿ ಅದು ಒಂದು ನಿಮಿಷದ ಕೆಲಸ. 78 ಅಂಕಿಯ ಸಂಖ್ಯೆಗೆ ಪಟ್ಟಿ ಬರೆಯೋಕೆ ಆಗಲ್ಲ.

ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಇಲ್ಲೇ ನಿಲ್ಲಿಸಿದಳು. "ಸರ್, ಪಟ್ಟಿ ಬರೆಯೋಕೆ ಆಗಲ್ಲ ಅಂದಮೇಲೆ ವಾಲೆಟ್‌ಗೆ ಮಾತ್ರ ಅಷ್ಟು ಸಲ ಗುಣಿಸೋಕೆ ಹೇಗಾಗುತ್ತೆ?" ಬಹಳ ಒಳ್ಳೆ ಪ್ರಶ್ನೆ. ವಾಲೆಟ್ ಒಂದೊಂದಾಗಿ ಹೋಗಲ್ಲ. ವರ್ಗ ಮಾಡುತ್ತೆ, ಆ ವರ್ಗದ ವರ್ಗ ಮಾಡುತ್ತೆ, ಅಂದರೆ 2, 4, 8, 16ನೇ ಘಾತಗಳಿಗೆ ಹಾರಿಕೊಂಡು ಹೋಗುತ್ತೆ, ಬೇಕಾದವನ್ನು ಮಾತ್ರ ಸೇರಿಸಿಕೊಳ್ಳುತ್ತೆ. 256 ಬಿಟ್‌ನ ಸಂಖ್ಯೆಗೆ ಇಂಥ ಕೆಲವು ನೂರು ಹೆಜ್ಜೆ ಸಾಕು. ಎಲ್ಲೆಲ್ಲಿ ಹಾರಬೇಕು ಅನ್ನೋದನ್ನು ಗುಟ್ಟೇ ಹೇಳುತ್ತೆ. ಗುಟ್ಟು ಗೊತ್ತಿಲ್ಲದವರಿಗೆ ಆ ಅನುಕೂಲ ಇಲ್ಲ. ಬಿಟ್‌ಕಾಯಿನ್‌ನಂಥ ಕೀಗಳಿಗೆ ಇವತ್ತು ಗೊತ್ತಿರುವ ಒಳ್ಳೆ ಉಪಾಯ ಬಳಸಿದರೂ ಸುಮಾರು 2ರ 128ನೇ ಘಾತದಷ್ಟು ಹೆಜ್ಜೆ ಬೇಕು. ಅಷ್ಟು ಲೆಕ್ಕ ಮಾಡುವ ಯಂತ್ರ ಭೂಮಿ ಮೇಲೆ ಇಲ್ಲ.

ನಿಜವಾದ ಬಿಟ್‌ಕಾಯಿನ್‌ನಲ್ಲಿ 2ರ ಘಾತಗಳಿಲ್ಲ. ಅಲ್ಲಿರೋದು secp256k1 ಅನ್ನೋ ವಕ್ರರೇಖೆ, ಸಮೀಕರಣ `y² = x³ + 7`. ಈ ಸಮೀಕರಣದ x, y ಬಿಂದುವಿನ ಜಾಗ ಹೇಳುವ ಅಕ್ಷರಗಳು, ನಮ್ಮ ಗುಟ್ಟು ಮತ್ತು ಪಬ್ಲಿಕ್ ಕೀ ಅಲ್ಲ. ಅದರ ಮೇಲಿನ ಒಂದು ಗೊತ್ತಾದ ಬಿಂದುವನ್ನು ತನಗೆ ತಾನೇ ಗುಟ್ಟಿನಷ್ಟು ಸಲ ಕೂಡುತ್ತಾರೆ, ಬಂದ ಬಿಂದುವೇ ಪಬ್ಲಿಕ್ ಕೀ. ವಕ್ರರೇಖೆಗಳನ್ನು ಹೀಗೆ ಬಳಸಬಹುದು ಅಂತ 1985ರಲ್ಲಿ ನೀಲ್ ಕೊಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಬೇರೆ ಬೇರೆಯಾಗಿ ಹೇಳಿದರು. ನಮಗೆ ಬೇಕಾದ ಉಪಾಯ ಎರಡರಲ್ಲೂ ಒಂದೇ, ಹಾಗಾಗಿ ನಾನು 23ರಲ್ಲೇ ಇರ್ತೀನಿ.

ಸಹಿ ಯಾವುದರ ಮೇಲೆ? ಬಿಟ್‌ಕಾಯಿನ್‌ನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋದ ಮೊದಲ ಪಾವತಿಯನ್ನೇ ನೋಡೋಣ. 2009ರ ಜನವರಿ 12, ಬ್ಲಾಕ್ 170. ಬ್ಲಾಕ್ ಅಂದರೆ ಪಾವತಿಗಳನ್ನೆಲ್ಲ ಬರೆದಿಡುವ ಬ್ಲಾಕ್‌ಚೈನ್ ಅನ್ನೋ ಕಡತದ ಒಂದು ಪುಟ ಇದ್ದ ಹಾಗೆ. ಬಿಟ್‌ಕಾಯಿನ್ ಹುಟ್ಟುಹಾಕಿದ, ಸತೋಶಿ ನಕಮೋಟೊ ಅನ್ನೋ ಹೆಸರಿನಲ್ಲಿದ್ದವರು ಪ್ರೋಗ್ರಾಮರ್ ಹಾಲ್ ಫಿನ್ನಿ ಅವರಿಗೆ 10 ಬಿಟ್‌ಕಾಯಿನ್ ಕಳಿಸಿದರು. ಅದರಲ್ಲಿ ಬರೆದಿರೋದು ಇಷ್ಟೇ: ಬ್ಲಾಕ್ 9ರಲ್ಲಿ ಬಂದ 50 ಬಿಟ್‌ಕಾಯಿನ್ ಒಡೆಯುತ್ತಿದ್ದೇನೆ, 10 ಈ ಕೀಗೆ, ಉಳಿದ 40 ಈ ಕೀಗೆ. ಆ 40 ಹೋಗಿದ್ದು ಕಳಿಸಿದವರ ಕೀಗೇ, ಅಂಗಡಿಯಲ್ಲಿ ನೋಟು ಕೊಟ್ಟು ಚಿಲ್ಲರೆ ವಾಪಸ್ ತಗೊಂಡ ಹಾಗೆ. ಇದಕ್ಕೆಲ್ಲ ಸೇರಿ ಒಂದು ಸಹಿ. ಬ್ಲಾಕ್ 9ರ ಆ 50 ಯಾವ ಪಬ್ಲಿಕ್ ಕೀಗೆ ಸೇರಿದ್ದು ಅಂತ ಮೊದಲೇ ಎಲ್ಲರಿಗೂ ಕಾಣುವ ಹಾಗೆ ಬರೆದಿತ್ತು. ಆ ಕೀಗೂ ಈ ಸಹಿಗೂ ಈ ಮಾತುಗಳಿಗೂ ತಾಳೆ ಆಗುತ್ತೋ ಇಲ್ಲವೋ ಅಂತ ಇವತ್ತೂ ಯಾರು ಬೇಕಾದರೂ ಲೆಕ್ಕ ಮಾಡಿ ನೋಡಬಹುದು. ಬಿಟ್‌ಕಾಯಿನ್‌ನ ಇತಿಹಾಸವನ್ನೆಲ್ಲ ಮೊದಲಿಂದ ಪರೀಕ್ಷಿಸುವ ಕಂಪ್ಯೂಟರ್ ಈ ಲೆಕ್ಕವನ್ನೂ ಮಾಡುತ್ತೆ. ಸತೋಶಿ ಯಾರು ಅಂತ ಗೊತ್ತಿಲ್ಲದೆಯೇ.

ಪಾವತಿಯ ಮಾತುಗಳನ್ನು ನೇರವಾಗಿ ಲೆಕ್ಕಕ್ಕೆ ಹಾಕಲ್ಲ. ಹ್ಯಾಶ್ ಅನ್ನೋ ಗಿರಣಿಯಲ್ಲಿ ಹಾಕಿ ಒಂದು ಸಂಖ್ಯೆ ಮಾಡಿಕೊಳ್ಳುತ್ತಾರೆ. ಒಳಗೆ ಒಂದು ಅಕ್ಷರ ಬದಲಾದರೂ ಹೊರಗೆ ಬರುವ ಸಂಖ್ಯೆ ಪೂರ್ತಿ ಬೇರೆ.

ಈಗ ಸಹಿ. ನಾನು ತೋರಿಸೋದು ಶ್ನೋರ್ ಸಹಿ, ಜರ್ಮನಿಯ ಕ್ಲಾಸ್ ಶ್ನೋರ್ ಅವರದ್ದು. ಬಿಟ್‌ಕಾಯಿನ್‌ಗೆ ಇದು ಬಂದಿದ್ದು 2021ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ಇದ್ದಿದ್ದು, ಇವತ್ತಿಗೂ ಇರೋದು, ECDSA ಅನ್ನೋ ಅದರ ದಾಯಾದಿ. ಲೆಕ್ಕ ಸ್ವಲ್ಪ ಬೇರೆ, ಜೀವಾಳ ಅದೇ.

ಒಬ್ಬರಿಗೆ ಹಣ ಕಳಿಸಬೇಕು. ನನ್ನ ಗುಟ್ಟು 7, ಪಬ್ಲಿಕ್ ಕೀ 13. ವಾಲೆಟ್ ಮೊದಲು ಈ ಒಂದು ಸಹಿಗೆ ಅಂತಲೇ ಇನ್ನೊಂದು ಗುಟ್ಟಿನ ಸಂಖ್ಯೆ ಆರಿಸುತ್ತೆ. ಇದನ್ನು ನಾನ್ಸ್ ಅಂತಾರೆ, ನಾವು k ಅನ್ನೋಣ. k = 5 ಅಂತ ಬಂತು. ಪಟ್ಟಿಯಲ್ಲಿ ಐದನೇ ಘಾತ 9. ಈ 9ನ್ನು R ಅಂತ ಕರೆದು ಹೊರಗೆ ಇಡುತ್ತೆ. k ಒಳಗೇ ಉಳಿಯುತ್ತೆ.

ಆಮೇಲೆ R, ಪಬ್ಲಿಕ್ ಕೀ, ಪಾವತಿಯ ಮಾತುಗಳು, ಈ ಮೂರನ್ನೂ ಸೇರಿಸಿ ಹ್ಯಾಶ್ ಗಿರಣಿಗೆ ಹಾಕುತ್ತೆ. 3 ಬಂತು ಅಂದುಕೊಳ್ಳಿ. ಇದು e. ಕೊನೆಗೆ ಒಂದು ಗುಣಾಕಾರ, ಒಂದು ಕೂಡಿಕೆ:

```
s = k + e·x = 5 + 3·7 = 26,  11ರಿಂದ ಭಾಗಿಸಿದರೆ ಶೇಷ 4
```

ಸಹಿ ಅಂದರೆ ಈ ಜೋಡಿ: R = 9, s = 4. ಪಾವತಿಯ ಜೊತೆ ಇವೆರಡೇ ಹೊರಗೆ ಹೋಗೋದು.

ನೋಡುವವರು ಏನು ಮಾಡಬೇಕು? ಅವರ ಕೈಲಿ 13 ಇದೆ, 9 ಇದೆ, 4 ಇದೆ. e ಅನ್ನು ಅವರೇ ಹ್ಯಾಶ್ ಮಾಡಿ 3 ಅಂತ ತೆಗೆಯುತ್ತಾರೆ. ಈಗ 2ರ s ಘಾತವೂ, R ಅನ್ನು y ನ e ಘಾತದಿಂದ ಗುಣಿಸಿದ್ದೂ ಒಂದೇ ಆಗಬೇಕು. ಪೈಥಾನ್ ಗೊತ್ತಿದ್ದರೆ ಇಷ್ಟು ಬರೆದು ನೋಡಿ:

```
pow(2, 4, 23)              # 16
9 * pow(13, 3, 23) % 23    # 16
```

ಎರಡೂ 16. ಯಾಕೆ ಅಂದರೆ, 9 ಅನ್ನೋದು 2ರ ಐದನೇ ಘಾತ, 13 ಏಳನೇ ಘಾತ. ಗುಣಿಸಿದಾಗ ಘಾತಗಳು ಕೂಡಿಕೊಳ್ಳುತ್ತವೆ, 5 ಮತ್ತು ಮೂರು ಸಲ 7. ಅದೇ ಲೆಕ್ಕವನ್ನು ವಾಲೆಟ್ ಒಳಗೆ ಕೂತು ಬರೀ ಸಂಖ್ಯೆಗಳಲ್ಲಿ ಮಾಡಿತ್ತು. ನೋಡುವವರು 5ನ್ನೂ ಕಂಡಿಲ್ಲ, 7ನ್ನೂ ಕಂಡಿಲ್ಲ, ಆದರೂ ಆ ಲೆಕ್ಕ ಸರಿಯಾಗಿ ನಡೆದಿದೆ ಅಂತ ಅವರಿಗೆ ಗೊತ್ತಾಯಿತು.

ದಾರಿಯಲ್ಲಿ ಯಾರಾದರೂ ಪಾವತಿಯ ಮೊತ್ತ ತಿದ್ದಿದರೆ? ಹ್ಯಾಶ್ ಬದಲಾಗುತ್ತೆ. 3ರ ಬದಲು 8 ಬಂತು ಅಂತಿಟ್ಟುಕೊಳ್ಳಿ. 13ರ ಎಂಟನೇ ಘಾತ 2, ಅದನ್ನು 9ರಿಂದ ಗುಣಿಸಿದರೆ 18. ಈ ಕಡೆ ಇರೋದು 16. ತಾಳೆ ಆಗಲಿಲ್ಲ, ಪಾವತಿ ಕಸದ ಬುಟ್ಟಿಗೆ. ಚೆಕ್ಕಿನ ಸಹಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಈ ಸಹಿಯನ್ನು ಒಂದು ಪಾವತಿಯಿಂದ ಕತ್ತರಿಸಿ ಇನ್ನೊಂದಕ್ಕೆ ಅಂಟಿಸೋಕೆ ಆಗಲ್ಲ.

ಸರಿ, ತಾಳೆ ಆಯಿತು. ಆದರೆ s ಒಳಗೆ 7 ಕೂತಿದೆ ಅಲ್ವಾ? 4ನ್ನು ಹೊರಗೆ ಕೊಟ್ಟುಬಿಟ್ಟರೆ 7ರ ಬಗ್ಗೆ ಏನಾದರೂ ಸುಳಿವು ಸಿಗುವುದಿಲ್ಲವೇ? ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನಕ್ಕೆ ಹೋಗ್ತೀನಿ.

ಸಮೀಕರಣ ಒಂದು: 4 = k + 3x. ಗೊತ್ತಿಲ್ಲದವು ಎರಡು. x ಏನಾದರೂ ಆಗಿರಬಹುದು. x = 1 ಅಂದುಕೊಂಡರೆ k = 1 ಇದ್ದರೆ ಸರಿಹೋಗುತ್ತೆ. x = 2 ಆದರೆ k = 9. x = 3 ಆದರೆ k = 6. ಹೀಗೆ ಪ್ರತಿಯೊಂದು x ಗೂ ಒಂದು k ಇದೆ, ಎಲ್ಲವೂ 4ನ್ನೇ ಕೊಡುತ್ತವೆ. ಹಾಗಾಗಿ ಬರೀ s ನೋಡಿದವರಿಗೆ ಯಾವ x ಅಂತ ಹೇಳೋಕೆ ಆಗಲ್ಲ. k ಅನ್ನೋದು 7ರ ಮೇಲೆ ಹೊದಿಸಿದ ಕಂಬಳಿ. "R ಕೊಟ್ಟಿದ್ದೀರಲ್ಲ, ಅದರಿಂದ k ಹುಡುಕಬಹುದಲ್ಲ" ಅಂದರೆ, ಅದು 13ರಿಂದ 7 ಹುಡುಕುವಷ್ಟೇ ಕಷ್ಟ. ಅದೇ ಒಮ್ಮುಖ ದಾರಿ.

ಇಷ್ಟಕ್ಕೇ ಒಬ್ಬರು ಅಧ್ಯಾಪಕರು ಒಪ್ಪಲಿಲ್ಲ. "ಒಂದೊಂದೇ ಕೊಟ್ಟರೆ ಸರಿ. R, s, e ಮೂರೂ ಒಟ್ಟಿಗೆ ಸಿಕ್ಕಿದಾಗ ಏನೂ ಸೋರಲ್ಲ ಅಂತ ಹೇಗೆ ಹೇಳ್ತೀರಿ?" ಅಂದರು. ಅವರು ಕೇಳಿದ್ದು ಸರಿಯಾದ ಮಾತು. ಇದಕ್ಕೆ ಉತ್ತರ ಸ್ವಲ್ಪ ಸುತ್ತಿ ಬರುತ್ತೆ.

ನನ್ನ ಗುಟ್ಟು ಗೊತ್ತೇ ಇಲ್ಲದ ಒಬ್ಬರು ಸುಳ್ಳು ಸಹಿ ಮಾಡೋಕೆ ಹೊರಟಿದ್ದಾರೆ. e = 3 ಅಂತ ಅವರಿಗೆ ಯಾರೋ ಮೊದಲೇ ಹೇಳಿಬಿಟ್ಟರು ಅಂದುಕೊಳ್ಳಿ. ಆಗ ಅವರು ಹಿಂದಿನಿಂದ ಮುಂದಕ್ಕೆ ಬರಬಹುದು. s = 9 ಅಂತ ಮನಸ್ಸಿಗೆ ಬಂದದ್ದನ್ನು ಇಟ್ಟುಕೊಳ್ಳುತ್ತಾರೆ. 2ರ ಒಂಬತ್ತನೇ ಘಾತ 6. 13ರ ಮೂರನೇ ಘಾತ 12. ಈಗ 12ರಿಂದ ಗುಣಿಸಿದರೆ 6 ಬರುವಂಥ R ಬೇಕು. R = 12 ಹಾಕಿದರೆ 144, 23ರಿಂದ ಭಾಗಿಸಿದರೆ ಶೇಷ 6. ತಾಳೆ ಆಯಿತು! ಗುಟ್ಟಿಲ್ಲದೆ ಸರಿಹೋಗುವ R, e, s ಮೂರೂ ಸಿಕ್ಕವು.

ಇದು ಗಾಬರಿ ಆಗುವ ವಿಷಯ ಅನ್ನಿಸಬಹುದು, ಆದರೆ ನಮ್ಮ ಭದ್ರತೆ ಇರೋದೇ ಇಲ್ಲಿ. ಗುಟ್ಟು ಗೊತ್ತಿಲ್ಲದವರೂ ಮನೆಯಲ್ಲಿ ಕೂತು ಇಂಥ ಮೂರು ಸಂಖ್ಯೆಗಳನ್ನು ಎಷ್ಟು ಬೇಕಾದರೂ ತಯಾರಿಸಬಹುದು. ನಿಜವಾದ ಸಹಿಯ ಮೂರಕ್ಕೂ ಇವಕ್ಕೂ ನೋಡೋಕೆ ವ್ಯತ್ಯಾಸವಿಲ್ಲ. ಗುಟ್ಟಿಲ್ಲದೆ ತಯಾರಿಸಬಹುದಾದ ವಸ್ತುವಿನಲ್ಲಿ ಗುಟ್ಟಿನ ಸುಳಿವು ಎಲ್ಲಿಂದ ಬರಬೇಕು?

ಹಾಗಾದರೆ ನಕಲಿ ಸಹಿ ಯಾಕೆ ನಡೆಯಲ್ಲ? ಕ್ರಮದಿಂದಾಗಿ. ನಿಜವಾದ ಲೆಕ್ಕದಲ್ಲಿ e ಮೊದಲೇ ಗೊತ್ತಿರಲ್ಲ, R ಅನ್ನೂ ಸೇರಿಸಿ ಹ್ಯಾಶ್ ಮಾಡಿದ ಮೇಲೇ ಬರುತ್ತೆ. ಸುಳ್ಳು ಸಹಿಯವರು R = 12 ಅಂತ ಹಾಕಿದ ಕೂಡಲೇ ಹ್ಯಾಶ್ ಬೇರೆ ಸಂಖ್ಯೆ ಉಗುಳುತ್ತೆ, 3 ಅಲ್ಲ. ಮತ್ತೆ R ಬದಲಿಸಿದರೆ ಮತ್ತೆ e ಬದಲಾಗುತ್ತೆ. ನನ್ನ ಪುಟ್ಟ ಲೆಕ್ಕದಲ್ಲಿ ಹನ್ನೊಂದರಲ್ಲಿ ಒಂದು ಸಲ ಅದೃಷ್ಟ ಹೊಡೆಯಬಹುದು. 256 ಬಿಟ್‌ನಲ್ಲಿ ಆ ಅದೃಷ್ಟಕ್ಕೆ ಕಾಯೋಕೆ ಆಗಲ್ಲ. ಮೊದಲು R ಗೆ ಬದ್ಧರಾಗಿ, ಆಮೇಲೆ ಬಂದ e ಗೆ ಉತ್ತರ ಕೊಡಬೇಕು. ಹಾಗೆ ಕೊಡೋಕೆ x ಗೊತ್ತಿರುವವರಿಂದ ಮಾತ್ರ ಆಗುತ್ತೆ.

ಈಗ ಕೈಕೊಡುವ ಜಾಗಕ್ಕೆ ಬರೋಣ. ಕಂಬಳಿ ಅಂದೆನಲ್ಲ, k, ಅದನ್ನು ಎರಡು ಸಲ ಹೊದಿಸಿದರೆ ಏನಾಗುತ್ತೆ?

ಅದೇ ವಾಲೆಟ್ ಮಾರನೇ ದಿನ ಇನ್ನೊಂದು ಪಾವತಿಗೆ ಸಹಿ ಹಾಕಿತು. ಯಾವುದೋ ದೋಷದಿಂದ k ಮತ್ತೆ 5 ಬಂತು. R ಮತ್ತೆ 9. ಪಾವತಿ ಬೇರೆ, ಹಾಗಾಗಿ e = 8 ಬಂತು. s = 5 + 8·7 = 61, 11ರಿಂದ ಭಾಗಿಸಿದರೆ ಶೇಷ 6. ಸಹಿ ಸರಿಯಾಗಿಯೇ ಇದೆ, ಪಾವತಿ ಹೋಗುತ್ತೆ, ಯಾರಿಗೂ ತೊಂದರೆ ಕಾಣಲ್ಲ. ಆದರೆ ಎರಡೂ ಸಹಿಗಳನ್ನು ಪಕ್ಕಪಕ್ಕ ಇಡಿ:

```
4 = k + 3x
6 = k + 8x
```

ಒಂದರಿಂದ ಇನ್ನೊಂದನ್ನು ಕಳೆದರೆ k ಮಾಯ. ಉಳಿಯೋದು 2 = 5x. 11ರ ಲೆಕ್ಕದಲ್ಲಿ 5ರಿಂದ ಭಾಗಿಸೋದು ಅಂದರೆ 9ರಿಂದ ಗುಣಿಸೋದು, ಯಾಕಂದರೆ 5 ಒಂಬತ್ಲಿ 45, ಶೇಷ 1. ಎರಡೊಂಬತ್ಲಿ 18, ಶೇಷ 7. ಗುಟ್ಟು ಹೊರಬಂತು.

```
(6 - 4) * pow(8 - 3, -1, 11) % 11    # 7
```

ಈ ಒಂದು ಸಾಲಿನಲ್ಲಿ ಸಂಖ್ಯೆಗಳನ್ನು 78 ಅಂಕಿಯದ್ದು ಮಾಡಿದರೂ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತೆ. 2ರ 128ನೇ ಘಾತದ ಗೋಡೆಯನ್ನು ಯಾರೂ ಒಡೆಯಲಿಲ್ಲ, ಪಕ್ಕದ ಬಾಗಿಲಿನಿಂದ ಒಳಗೆ ಬಂದರು. ECDSA ಯಲ್ಲೂ ಹೀಗೇ. ಅಲ್ಲಿ ಪಾವತಿಯ ಹ್ಯಾಶ್ z, R ನಿಂದ ತೆಗೆದ ಸಂಖ್ಯೆ r ಅಂದರೆ, `s = (z + r·x)/k`. k ಪುನರಾವರ್ತನೆ ಆದರೆ r ಕೂಡ ಅದೇ ಬರುತ್ತೆ, ಎರಡು ಸಮೀಕರಣ, ಎರಡು ಗೊತ್ತಿಲ್ಲದ ಸಂಖ್ಯೆ, ಹೈಸ್ಕೂಲಿನ ಲೆಕ್ಕ.

ಇದು ಬರೀ ಪುಸ್ತಕದ ಭಯ ಅಲ್ಲ. 2010ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಒಂದು ಸಮ್ಮೇಳನದಲ್ಲಿ fail0verflow ಅನ್ನೋ ಗುಂಪು, ಪ್ಲೇಸ್ಟೇಷನ್ 3ರ ಸಾಫ್ಟ್‌ವೇರ್‌ಗೆ ಹಾಕುತ್ತಿದ್ದ ECDSA ಸಹಿಗಳಲ್ಲಿ k ಬದಲಾಗುತ್ತಲೇ ಇರಲಿಲ್ಲ ಅಂತ ತೋರಿಸಿತು. ಆ ಯಂತ್ರಗಳು "ಇದು ಕಂಪನಿಯದ್ದೇ" ಅಂತ ನಂಬುತ್ತಿದ್ದ ಸಹಿಗಳ ಗುಟ್ಟಿನ ಕೀ ಅದರಿಂದ ಹೊರಬಂತು. 2013ರ ಆಗಸ್ಟ್‌ನಲ್ಲಿ ಬಿಟ್‌ಕಾಯಿನ್‌ನ ಸರದಿ. ಆಂಡ್ರಾಯ್ಡ್ ಫೋನುಗಳಲ್ಲಿ ಗೊತ್ತುಗುರಿಯಿಲ್ಲದ ಸಂಖ್ಯೆ ಕೊಡಬೇಕಾದ ಭಾಗದಲ್ಲೇ ದೋಷವಿತ್ತು. ಅದನ್ನು ನಂಬಿದ ವಾಲೆಟ್‌ಗಳ ಸಹಿಗಳಲ್ಲಿ k ಎರಡೆರಡು ಸಲ ಬಂತು. ಬ್ಲಾಕ್‌ಚೈನ್ ಎಲ್ಲರಿಗೂ ತೆರೆದ ಕಡತ ಅಲ್ವಾ, ಒಂದೇ r ಇರುವ ಸಹಿಗಳನ್ನು ಹುಡುಕಿ ಗುಟ್ಟು ತೆಗೆದು ಹಣ ಕದ್ದರು. ಫೋನ್ ಕಳೆದುಹೋಗಿರಲಿಲ್ಲ, ಯಾರೂ ಪಾಸ್‌ವರ್ಡ್ ಹೇಳಿರಲಿಲ್ಲ. ಹಣ ಕಳಕೊಂಡವರು ತಪ್ಪು ಅಂತ ಏನೂ ಮಾಡಿರಲಿಲ್ಲ.

ನಾನೇ ಕಣ್ಣಾರೆ ನೋಡಿದ್ದೂ ಒಂದಿದೆ. ಹಿಂದೆ ಒಂದು ತಂಡದಲ್ಲಿ ವಾಲೆಟ್ ಬರೆಯುತ್ತಿದ್ದೆವು. ಪ್ರತಿ ಸಲ ಒಂದೇ ಉತ್ತರ ಬಂದರೆ ಪರೀಕ್ಷೆ ಸುಲಭ ಅಂತ k ಗೆ ಒಂದು ಸ್ಥಿರ ಸಂಖ್ಯೆ ಹಾಕಿಟ್ಟಿದ್ದೆವು. ಆಮೇಲೆ ಒಂದು ಕಡೆ ತೆಗೆದೆವು, ಇನ್ನೊಂದು ಕಡೆ ಅದು ಉಳಿದುಬಿಟ್ಟಿತ್ತು. ಎಲ್ಲಾ ಪರೀಕ್ಷೆಗಳೂ ಪಾಸಾದವು, ಆಗಲೇಬೇಕು, ಸಹಿಗಳು ಸರಿಯಾಗಿಯೇ ಇದ್ದವು. ಒಬ್ಬ ಸಹೋದ್ಯೋಗಿ ಮಾತ್ರ ಸುಮ್ನೆ ಸಹಿಗಳನ್ನು ತೆರೆಯ ಮೇಲೆ ಒಂದರ ಕೆಳಗೆ ಒಂದು ಇಟ್ಟು ನೋಡುತ್ತಿದ್ದರು. ಶ್ನೋರ್ ಸಹಿ 64 ಬೈಟ್, ಮೊದಲ ಅರ್ಧ R, ಉಳಿದ ಅರ್ಧ s. ಎರಡು ಸಾಲುಗಳ ಎಡ ಅರ್ಧ ಅಕ್ಷರ ಅಕ್ಷರವೂ ಒಂದೇ. "ಇದು ನೋಡಿ" ಅಂತ ಕರೆದರು, ನಾವು ಅವರ ಕುರ್ಚಿಯ ಹಿಂದೆ ನಿಂತಿರುವಾಗಲೇ ಗುಟ್ಟಿನ ಕೀ ತೆರೆಯ ಮೇಲೆ ಬಂತು. ಪರೀಕ್ಷೆಗೆ ಇಟ್ಟ ಬೆಲೆಯಿಲ್ಲದ ನಾಣ್ಯಗಳು, ಹಾಗಾಗಿ ಯಾರ ಹಣವೂ ಹೋಗಲಿಲ್ಲ. ಸಹಿ ಸರಿ ಇದೆಯೋ ಅಂತ ಕೇಳುವ ಪರೀಕ್ಷೆ ಗುಟ್ಟು ಸೋರುತ್ತಿದೆಯೋ ಅಂತ ಕೇಳಲ್ಲ ಅನ್ನೋದು ನನಗೆ ನಾಟಿದ್ದು ಅವತ್ತು.

ಇದಕ್ಕೆ ಪರಿಹಾರ ಬಂದಿದ್ದೂ 2013ರಲ್ಲೇ, RFC 6979 ಅನ್ನೋ ನಿಯಮ. k ಗಾಗಿ ಫೋನಿನ ಅದೃಷ್ಟ ನಂಬಬೇಡಿ, ಗುಟ್ಟಿನ ಕೀ ಮತ್ತು ಸಹಿ ಹಾಕಬೇಕಾದ ಮಾತು ಎರಡನ್ನೂ ಸೇರಿಸಿ ಹ್ಯಾಶ್ ಮಾಡಿ k ತೆಗೆಯಿರಿ ಅಂತ ಅದು ಹೇಳುತ್ತೆ. ಮಾತು ಬೇರೆಯಾದರೆ k ಬೇರೆಯಾಗುತ್ತೆ. ಅದೇ ಮಾತಿಗೆ ಮತ್ತೆ ಸಹಿ ಹಾಕಿದರೆ ಅದೇ ಸಹಿ ಬರುತ್ತೆ, ಅದರಿಂದ ಹೊಸ ಸಮೀಕರಣ ಹುಟ್ಟಲ್ಲ, ನಷ್ಟ ಇಲ್ಲ. ಹೊರಗಿನವರಿಗೆ ಗುಟ್ಟು ಗೊತ್ತಿಲ್ಲವಾದ್ದರಿಂದ k ಊಹಿಸೋಕೂ ಆಗಲ್ಲ. ಇವತ್ತಿನ ಒಳ್ಳೆ ವಾಲೆಟ್‌ಗಳು ಇದನ್ನೋ ಇದರ ಥರದ್ದನ್ನೋ ಪಾಲಿಸುತ್ತವೆ.

k ಪೂರ್ತಿ ಒಂದೇ ಆಗಬೇಕು ಅಂತಲೂ ಇಲ್ಲ. ಪ್ರತಿ ಸಲ ಚಿಕ್ಕದೇ ಬಂದರೆ, ಅಥವಾ ಅದರ ಒಂದಷ್ಟು ಬಿಟ್ ಯಾವಾಗಲೂ ಒಂದೇ ಥರ ಇದ್ದರೆ, ಸಾಕಷ್ಟು ಸಹಿ ಕೂಡಿಟ್ಟುಕೊಂಡು ಗುಟ್ಟು ತೆಗೆಯುವ ಗಣಿತ ಇದೆ. ಯೋಆಖಿಮ್ ಬ್ರೈಟ್ನರ್ ಮತ್ತು ನಾಡಿಯಾ ಹೆನಿಂಗರ್ 2019ರಲ್ಲಿ ಬ್ಲಾಕ್‌ಚೈನ್‌ನ ಸಹಿಗಳನ್ನೇ ಜಾಲಾಡಿ ಹಾಗೆ ಕೀಗಳನ್ನು ತೆಗೆದು ತೋರಿಸಿದರು. ಕಂಬಳಿಯ ತೂತು ಚಿಕ್ಕದಾದರೂ ಚಳಿ ಒಳಗೆ ಬರುತ್ತೆ.

ಇನ್ನೊಂದು ಮಿತಿ ಹೇಳಲೇಬೇಕು. ಸಹಿ ಸಾಬೀತು ಮಾಡೋದು "ಈ ಕೀ ಗೊತ್ತಿರುವವರು ಈ ಮಾತಿಗೆ ಸಹಿ ಹಾಕಿದರು" ಅಂತ ಮಾತ್ರ. ಅದು ನೀವೇ ಅಂತ ಅಲ್ಲ. ನಮ್ಮಲ್ಲಿ ಟೆಂಡರ್ ಹಾಕುವವರು, ಆಡಿಟರ್‌ಗಳು ಬಳಸುವ ಡಿಎಸ್‌ಸಿ ಟೋಕನ್ ನೋಡಿದ್ದೀರಲ್ಲ, ಅದರಲ್ಲೂ ಇಂಥದ್ದೇ ಡಿಜಿಟಲ್ ಸಹಿ ಇದೆ. ಆದರೆ ಅಲ್ಲಿ ಈ ಕೀ ಇಂಥವರದ್ದು ಅಂತ ಪ್ರಮಾಣಪತ್ರ ಕೊಡುವ ಸಂಸ್ಥೆಗಳಿವೆ, ಅದಕ್ಕೆ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಬೆಂಬಲ ಇದೆ. ಬಿಟ್‌ಕಾಯಿನ್‌ನಲ್ಲಿ ಕೀ ಹಿಂದೆ ಮನುಷ್ಯರ ಹೆಸರೇ ಇಲ್ಲ. ಕದ್ದವರು ಹಾಕಿದ ಸಹಿಯೂ ಅಷ್ಟೇ ಸರಿಯಾದ ಸಹಿ.

ನೀವೇ ಹಾಕಿದರೂ, ಯಾವುದಕ್ಕೆ ಹಾಕುತ್ತಿದ್ದೀರಿ ಅನ್ನೋದು ತೆರೆ ಹೇಳಿದ ಮಾತು. 2025ರ ಫೆಬ್ರವರಿಯಲ್ಲಿ ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಅನ್ನೋ ಡಿಜಿಟಲ್ ನಾಣ್ಯ ಕದ್ದಾಗ ಯಾರೂ ಸಹಿಯ ಗಣಿತ ಮುರಿಯಲಿಲ್ಲ. ಸಹಿ ಹಾಕುವವರ ತೆರೆ ಮೇಲೆ ಒಂದು ಪಾವತಿ ಕಾಣುತ್ತಿತ್ತು, ಒಳಗೆ ಸಹಿಗೆ ಹೋಗಿದ್ದು ಬೇರೆ. ಗುಟ್ಟುಗಳು ಸೋರಲಿಲ್ಲ, ಸಹಿಗಳು ತಾಳೆ ಆದವು, ಹಣ ಹೋಯಿತು. ಹಾರ್ಡ್‌ವೇರ್ ವಾಲೆಟ್ ಇಟ್ಟುಕೊಂಡವರು ಅದರ ಪುಟ್ಟ ತೆರೆಯಲ್ಲಿ ವಿಳಾಸ ಮತ್ತು ಮೊತ್ತ ಓದಿ ಆಮೇಲೆ ಗುಂಡಿ ಒತ್ತಬೇಕು ಅನ್ನೋದು ಇದಕ್ಕೇ.

ಮಾತು ಮುಗಿದ ಮೇಲೆ ಒಬ್ಬರು ಹತ್ತಿರ ಬಂದು ತಮ್ಮ ಹಳೇ ಫೋನ್ ವಾಲೆಟ್ ಬಗ್ಗೆ ಕೇಳಿದರು. "ನನ್ನ ಸಹಿಗಳಲ್ಲಿ k ಎರಡು ಸಲ ಬಂದಿದೆಯೋ ಇಲ್ಲವೋ, ನಾನೇ ನೋಡಬಹುದಾ?" ನೋಡಬಹುದು. ಬ್ಲಾಕ್‌ಚೈನ್‌ನ ಪಾವತಿಗಳನ್ನು ತೋರಿಸುವ ಯಾವುದಾದರೂ ಬ್ಲಾಕ್ ಎಕ್ಸ್‌ಪ್ಲೋರರ್ ವೆಬ್‌ಸೈಟ್ ತೆಗೆದು ನಿಮ್ಮ ಪಾವತಿಯ ವಿವರಕ್ಕೆ ಹೋಗಿ. ಒಂದು ಪಾವತಿಯಲ್ಲಿ ನಾಲ್ಕು ಕಡೆಯ ಹಣ ಸೇರಿಸಿದ್ದರೆ ಸಾಮಾನ್ಯವಾಗಿ ನಾಲ್ಕು ಸಹಿ ಇರುತ್ತವೆ, ಎಲ್ಲವನ್ನೂ ನೋಡಬೇಕು. ECDSA ಸಹಿ ಮಾಮೂಲಾಗಿ `30440220` ಅಂತಲೋ `3045022100` ಅಂತಲೋ ಶುರುವಾಗುತ್ತೆ, ಅದಾದ ಮೇಲಿನ 64 ಅಕ್ಷರಗಳೇ r. ಒಂದೇ ಪಾವತಿಯಲ್ಲಾಗಲಿ ಬೇರೆ ಬೇರೆ ಪಾವತಿಗಳಲ್ಲಾಗಲಿ, ಒಂದೇ ಕೀಯ ಎರಡು ಸಹಿಗಳಲ್ಲಿ ಆ 64 ಒಂದೇ ಇದ್ದರೆ, ಆ ಗುಟ್ಟು ಈಗಾಗಲೇ ಬಯಲಾಗಿದೆ ಅಂತಲೇ ತಿಳಿಯಬೇಕು. ಹಾಕಿದ ಸಹಿಯನ್ನು ಬ್ಲಾಕ್‌ಚೈನ್‌ನಿಂದ ಅಳಿಸೋಕೆ ಆಗಲ್ಲ. ಹೊಸ ವಾಲೆಟ್‌ನಲ್ಲಿ, ಕೀಗಳೆಲ್ಲ ಹುಟ್ಟುವ 12 ಪದಗಳನ್ನು ಹೊಸದಾಗಿ ಮಾಡಿಕೊಂಡು ಹಣವನ್ನು ಅಲ್ಲಿಗೆ ಸಾಗಿಸಬೇಕು. ಹಳೇ ಪದಗಳಿಂದ ಹುಟ್ಟಿದ ಇನ್ನೊಂದು ವಿಳಾಸಕ್ಕೆ ಬೇಡ, ಕೆಲವು ಸಂದರ್ಭಗಳಲ್ಲಿ ಒಂದು ಕೀಯಿಂದ ಅದರ ಅಕ್ಕಪಕ್ಕದ ಕೀಗಳಿಗೂ ದಾರಿ ಇರುತ್ತೆ.

"ಆ ಸಾಗಿಸುವ ಪಾವತಿಗೆ ಈ ಹಳೇ ಆಪ್‌ನಲ್ಲೇ ಸಹಿ ಹಾಕಬಹುದಾ?" ಅಂದರು. ಬೇಡ ಅಂದೆ. ಮೊದಲು ಆ ಕೀಯನ್ನು ದೋಷ ಸರಿಪಡಿಸಿದ ವಾಲೆಟ್‌ಗೆ ತಂದುಕೊಳ್ಳಿ. ಅವರು ಅಲ್ಲೇ ಕೂತು ತಮ್ಮ ಪಾವತಿಗಳನ್ನು ಒಂದೊಂದಾಗಿ ತೆಗೆದು r ಗಳನ್ನು ಹಾಳೆಯ ಮೇಲೆ ಬರೆದುಕೊಂಡರು. ಆರು ಸಹಿ ಇದ್ದವು, ಆರೂ ಬೇರೆ ಬೇರೆ.